ವಾಟ್ಸಾಪ್ ಬಿಸಿನೆಸ್ ಕಳ್ಳರ ಕೈಗೆ ಹೋದರೆ ವಾಪಸ್ ಪಡೆಯುವುದು ಹೇಗೆ?

"ಸೀರೆ ವ್ಯಾಪಾರಕ್ಕೆ ಬಳಸುವ ನನ್ನ ವಾಟ್ಸಾಪ್ ಬಿಸಿನೆಸ್ ನಿನ್ನೆ ತಾನಾಗಿಯೇ ಲಾಗೌಟ್ ಆಯ್ತು. ಯಾರೋ ನನ್ನ ಹೆಸರಲ್ಲಿ ಗ್ರಾಹಕರಿಗೆ ಕ್ಯೂಆರ್ ಕಳಿಸಿ ಅಡ್ವಾನ್ಸ್ ಕೇಳುತ್ತಿದ್ದಾರೆ. ಓಟಿಪಿ ಯಾರಿಗೂ ಹೇಳಿಲ್ಲ. ಮತ್ತೆ ಲಾಗಿನ್ ಮಾಡಿದರೆ ನಾನು ಇಟ್ಟಿರದ ಪಿನ್ ಕೇಳುತ್ತಿದೆ. ಏನು ಮಾಡಲಿ?"

ಎಸ್ಸೆಮ್ಮೆಸ್‌ನಲ್ಲಿ ಬಂದ 6 ಅಂಕಿಯ ಕೋಡ್ ಹಾಕಿದ ಮೇಲೆ ಪಿನ್ ಕೇಳುತ್ತಿದೆ ಅಲ್ವಾ? ಹಾಗಾದರೆ ಕಳ್ಳ ಆಗಲೇ ಹೊರಗೆ ಬಿದ್ದಿದ್ದಾನೆ. ಒಂದು ನಂಬರ್ ಒಂದೇ ಮುಖ್ಯ ಫೋನಿನಲ್ಲಿ ನಡೆಯುತ್ತದೆ, ಹಾಗಾಗಿ ನೀವು ಕೋಡ್ ಹಾಕಿದ ತಕ್ಷಣ ಅವನದು ಲಾಗೌಟ್ ಆಗುತ್ತದೆ. ಪಿನ್ ನಿಮಗೆ ಗೊತ್ತಿಲ್ಲದಿದ್ದರೂ ಅಷ್ಟೇ.

ಆದರೆ ಅವನು ವಾಪಸ್ ಬರುವ ದಾರಿಯನ್ನು ಈಗಲೇ ಮುಚ್ಚಬೇಕು. ಓಟಿಪಿ ಹೇಳಿಲ್ಲ ಅಂದಿರಿ, ನಂಬುತ್ತೇನೆ. ನಾನು ಹುಬ್ಬಳ್ಳಿಯಲ್ಲಿ ಮೊಬೈಲ್ ಅಂಗಡಿ ನಡೆಸುತ್ತೇನೆ. ರೊಟ್ಟಿ, ಶೇಂಗಾ ಚಟ್ನಿ ಮಾರುವ ಅಕ್ಕ ಒಬ್ಬರು ಇದೇ ಸಮಸ್ಯೆ ಇಟ್ಟುಕೊಂಡು ಬಂದಿದ್ದರು, ಅವರೂ ಕೋಡ್ ಹೇಳಿರಲಿಲ್ಲ. ಕೊರಿಯರ್‌ನವನು ಅಂತ ಯಾರೋ ಫೋನ್ ಮಾಡಿ, ಪಾರ್ಸೆಲ್ ಹುಡುಗನ ಜೊತೆ ಮಾತಾಡಲು `*21*` ಒತ್ತಿ ಮುಂದೆ ಈ ಮೊಬೈಲ್ ನಂಬರ್ ಹಾಕಿ ಡಯಲ್ ಮಾಡಿ ಅಂದಿದ್ದ. ಅದು ಕಾಲ್ ಫಾರ್ವರ್ಡಿಂಗ್. ಅಲ್ಲಿಂದ ಅವರಿಗೆ ಬರುವ ಕರೆಯೆಲ್ಲ ಅವನಿಗೆ ಹೋಗತೊಡಗಿತು. ವಾಟ್ಸಾಪ್ ಕೋಡನ್ನು ಕರೆ ಮಾಡಿ ಹೇಳುವ ಸೌಲಭ್ಯವೂ ಇದೆಯಲ್ಲ, ಅವನು ಅದನ್ನೇ ಆರಿಸಿಕೊಂಡು ಕೋಡನ್ನು ತನ್ನ ಫೋನಿನಲ್ಲೇ ಕೇಳಿಸಿಕೊಂಡ.

ಅಕ್ಕ ಎಸ್ಸೆಮ್ಮೆಸ್ ಕೋಡ್ ಹಾಕಿ ಒಳಗೆ ಹೋದರು. ಆಗಲೇ ಪಿನ್ ಇಟ್ಟಿದ್ದರೆ ಅವನಿಗೆ ಮತ್ತೆ ಒಳಗೆ ಬರಲು ಆಗುತ್ತಿರಲಿಲ್ಲ. ಅವರು ಗಾಬರಿಯಲ್ಲಿ ಮೊದಲು ಗ್ರಾಹಕರಿಗೆ ಮೆಸೇಜ್ ಮಾಡಲು ಕೂತರು. ಫಾರ್ವರ್ಡಿಂಗ್ ಇನ್ನೂ ಹಾಗೇ ಇತ್ತು, ಅವನು ಮತ್ತೆ ಕರೆ ತರಿಸಿಕೊಂಡು ಒಳಗೆ ಬಂದ, ಬಂದವನೇ ತನ್ನ ಪಿನ್ ಇಟ್ಟ. ಇವರು ಮೇಲಿಂದ ಮೇಲೆ ಕೋಡ್ ಕೇಳಿದ್ದಕ್ಕೆ ಆ್ಯಪ್ ಇಷ್ಟು ಗಂಟೆ ಕಾಯಿರಿ ಅಂತ ಟೈಮರ್ ತೋರಿಸಿ ನಿಂತುಬಿಟ್ಟಿತು.

ಅದಕ್ಕೇ ನೀವು ಮೊದಲು `##002#` ಡಯಲ್ ಮಾಡಿ. ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಆಮೇಲೆ ಫೋನಿನ ಕಾಲ್ ಸೆಟ್ಟಿಂಗ್ಸ್‌ನಲ್ಲೂ Call forwarding ತೆರೆದು ಬೇರೆ ನಂಬರ್ ಏನಾದರೂ ಉಳಿದಿದೆಯಾ ನೋಡಿ. ಕೋಡ್ ಎಸ್ಸೆಮ್ಮೆಸ್‌ನಲ್ಲೇ ತರಿಸಿಕೊಳ್ಳಿ. ಟೈಮರ್ ಬಂದರೆ ಅದು ಮುಗಿಯುವವರೆಗೆ ಸುಮ್ನೆ ಬಿಟ್ಟುಬಿಡಿ.

ಇನ್ನು ಆ ಪಿನ್. ಊಹಿಸಿ ಊಹಿಸಿ ಹಾಕಬೇಡಿ. ನೀವೇ ಇಟ್ಟು ಮರೆತ ಪಿನ್ ಆಗಿದ್ದರೆ, ಜೊತೆಗೆ ಇಮೇಲ್ ಕೊಟ್ಟಿದ್ದರೆ, ಆ ಇಮೇಲ್‌ಗೆ ರೀಸೆಟ್ ಲಿಂಕ್ ತರಿಸಬಹುದು. ಕಳ್ಳ ಇಟ್ಟ ಪಿನ್ ಆದರೆ 7 ದಿನ ಕಾಯಬೇಕು, ಆಮೇಲೆ ಪಿನ್ ಇಲ್ಲದೆ ಒಳಗೆ ಹೋಗಬಹುದು. ಇದಕ್ಕೆ ಬೇರೆ ಒಳದಾರಿ ಇಲ್ಲ. ದುಡ್ಡು ಕೊಟ್ಟರೆ ಇವತ್ತೇ ತೆಗೆಸಿಕೊಡುತ್ತೇನೆ ಅನ್ನುವವರು ಇನ್ನೊಬ್ಬ ಕಳ್ಳರು, ಅವರ ಹತ್ತಿರ ಹೋಗಬೇಡಿ. ನಿಮ್ಮ ಹಳೇ ಚಾಟ್‌ಗಳು ನಿಮ್ಮ ಫೋನ್ ಮತ್ತು ಬ್ಯಾಕಪ್‌ನಲ್ಲಿ ಇರುತ್ತವೆ, ಬರೀ ನಂಬರ್ ಕದ್ದವನಿಗೆ ಅವು ಸಿಗುವುದಿಲ್ಲ. ಅವನು ಒಳಗಿದ್ದಾಗ ಹೊಸದಾಗಿ ಬಂದ ಮೆಸೇಜ್‌ಗಳನ್ನು, ಗ್ರೂಪ್‌ಗಳನ್ನು ಮಾತ್ರ ನೋಡಿರುತ್ತಾನೆ.

ಈ 7 ದಿನದಲ್ಲಿ ಗ್ರಾಹಕರಿಗೆ ಬೇರೆ ನಂಬರಿನಿಂದ ಕರೆ ಮಾಡಿ ತಿಳಿಸಿ, ಗ್ರೂಪ್‌ಗಳಿಗೆ ಮನೆಯವರಿಂದ ಮೆಸೇಜ್ ಹಾಕಿಸಿ. ಯಾರಾದರೂ ಆ ಕ್ಯೂಆರ್‌ಗೆ ದುಡ್ಡು ಹಾಕಿದ್ದರೆ ಅವರೇ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಯುಪಿಐ ಆ್ಯಪ್‌ನಲ್ಲಿ ಕಾಣುವ ಯುಟಿಆರ್ ನಂಬರ್ ಕೈಯಲ್ಲಿರಲಿ. ದುಡ್ಡು ಇನ್ನೂ ಕಳ್ಳರ ಖಾತೆಯಲ್ಲೇ ಇದ್ದರೆ ತಡೆಹಿಡಿಸಬಹುದು, ಗಂಟೆಗಳು ಕಳೆದಷ್ಟೂ ಕಷ್ಟ. ನೀವೂ cybercrime.gov.in ನಲ್ಲಿ ದೂರು ಕೊಡಿ, ಗ್ರಾಹಕರು ನಾಳೆ ನಿಮ್ಮನ್ನು ಕೇಳಿದರೆ ತೋರಿಸಲು ಒಂದು ದಾಖಲೆ ಇರುತ್ತದೆ.

ಒಳಗೆ ಹೋದ ಕೂಡಲೇ Settings > Account > Two-step verification ತೆರೆದು ನಿಮ್ಮದೇ 6 ಅಂಕಿಯ ಪಿನ್ ಇಡಿ, ಇಮೇಲ್ ಸೇರಿಸಿ. ಅಲ್ಲಿ ಕಳ್ಳನ ಇಮೇಲ್ ಇದ್ದರೆ ಬದಲಾಯಿಸಿ. ಹುಟ್ಟಿದ ದಿನ, ಅಂಗಡಿ ಪಿನ್‌ಕೋಡ್ ಎಲ್ಲ ಬೇಡ. ಆಮೇಲೆ Linked devices ನೋಡಿ, ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಲಾಗೌಟ್ ಮಾಡಿ. ಹಾಗೆ ಸೇರಿಸಿದ ಸಾಧನಕ್ಕೆ ಪಿನ್ ಅಡ್ಡ ಬರುವುದಿಲ್ಲ, ತುಂಬಾ ಜನ ಇದನ್ನು ನೋಡುವುದೇ ಇಲ್ಲ. ಬಿಸಿನೆಸ್ ಆ್ಯಪ್ ಆದ್ದರಿಂದ Greeting message, Away message, Quick replies ಕೂಡ ಒಮ್ಮೆ ಓದಿ. ಅವನು ಅಲ್ಲಿ ತನ್ನ ಯುಪಿಐ ಐಡಿ ಬರೆದಿಟ್ಟಿದ್ದರೆ ನಿಮ್ಮ ಅಕೌಂಟೇ ಅದನ್ನು ಗ್ರಾಹಕರಿಗೆ ಕಳಿಸುತ್ತಿರುತ್ತದೆ.

ಇನ್ನೊಂದು, ಆ ಸಿಮ್ ಕೆಲಸದ ಹುಡುಗನ ಹೆಸರಲ್ಲಿದ್ದರೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಸಿಮ್ ಕಳೆದರೆ ಡೂಪ್ಲಿಕೇಟ್ ಸಿಗುವುದು ಯಾರ ಹೆಸರಲ್ಲಿದೆಯೋ ಅವರಿಗೆ ಮಾತ್ರ.