ಆನೆಗೊಂದಿ ಬೆಟ್ಟದಾಗ ಇರೋ ಕಾಲ್ಪನಿಕ ಬೇಟೆಯಾಡೋ ಪ್ರಾಣಿ ನಿಜ ಅನ್ನಿಸೋದು ಹೆಂಗ?

ಪ್ರಶ್ನೆ: ನನ್ನ ಕಥಿಯಾಗ ಆನೆಗೊಂದಿ ಬಂಡೆಗಳ ನಡುವ ಇರೋ ಒಂದು ಬೇಟೆಯಾಡೋ ಪ್ರಾಣಿ ಐತಿ, 45 ಕೆಜಿ. ನೋಡಾಕ ಚಲೋ ಐತಿ, ಆದ್ರ ನಿಜವಾದ ಪ್ರಾಣಿ ಅನ್ಸವಲ್ದು. ಏನ್ ಮಾಡ್ಲಿ?

ಉತ್ತರ: ಮೊದ್ಲು ಅದರ ಹೊಟ್ಟಿ ಲೆಕ್ಕ ಹಾಕ್ರಿ. ಮಾಂಸ ತಿನ್ನೋ ಪ್ರಾಣಿಗಳಾಗ ಸುಮಾರು 10,000 ಕೆಜಿ ಬೇಟೆ ಇದ್ರ 90 ಕೆಜಿಯಷ್ಟು ಬೇಟೆಯಾಡೋ ಪ್ರಾಣಿಗಳು ಬದುಕ್ತಾವ ಅಂತ ಸಂಶೋಧಕರು ಲೆಕ್ಕ ಹಾಕ್ಯಾರ. ಅಂದ್ರ ನಿಮ್ಮ ಒಂದೇ ಪ್ರಾಣಿಗೆ 5,000 ಕೆಜಿ ಬೇಟೆ ಆ ಸೀಮ್ಯಾಗ ಇರಬೇಕು, ಬರೇ ಮೊಲ ಅಂದ್ರ 2 ಕೆಜಿದು 2,500 ಮೊಲ, ಒಂದು ಗುಡ್ಡದಾಗ ಅಷ್ಟು ಎಲ್ಲಿಂದ ಬರ್ತಾವ್ರಿ?

ಇಲ್ಲಿಂದನೇ ಅದರ ಸ್ವಭಾವ ಹುಟ್ಟತೈತಿ. ಒಂದೋ ಅದು ಒಂಟಿಯಾಗಿ ಹತ್ತಾರು ಗುಡ್ಡ ತಿರುಗಬೇಕು, ಗಡಿಗೆ ಉಚ್ಚಿ ಹೊಯ್ದು ಗುರುತು ಮಾಡಬೇಕು, ಇಲ್ಲಾ ದರೋಜಿ ಕರಡಿ ತರ ಹುತ್ತ ಕೆದರಿ ಗೆದ್ದಲಾ ತಿನ್ನಬೇಕು, ಹಂಗಾದ್ರ ಉಗುರು ಉದ್ದ ಇರಬೇಕು. ನನಗ ಎರಡನೇದು ಭಾಳ ಹಿಡಿಸ್ತದ, ಯಾಕಂದ್ರ ಒಂದು ಊಟದಿಂದ ಮೈ ಆಕಾರನೂ ಬಂತು.

ಆಮ್ಯಾಲೆ ಬಿಸಿಲು. ಮೇ ತಿಂಗಳದಾಗ ಮಧ್ಯಾಹ್ನ ಬಂಡೆ ಮುಟ್ಟಾಕ ಆಗಂಗಿಲ್ಲ, ಆ ಹೊತ್ನ್ಯಾಗ ಅದು ಸಂದಿಯ ನೆರಳಾಗ ಹೊಟ್ಟಿ ನೆಲಕ್ಕ ಒತ್ತಿ, ಬಾಯಿ ತೆರದು ಏದುಸಿರು ಬಿಡ್ತಾ ಮಲಗಿರಲಿ, ಹೊತ್ತು ಮುಳುಗಿದ ಮ್ಯಾಲೆ ಮೊದ್ಲು ನೀರಿಗೆ ಹೋಗಲಿ.

ಅದರ 24 ತಾಸು ಬರದು ನೋಡ್ರಿ. ಬರೇ ದಾಳಿನೇ ತುಂಬಿದ್ರ ಅದು ಇನ್ನೂ ರಾಕ್ಷಸನೇ. ಹೆಚ್ಚು ಹೊತ್ತು ನಿದ್ದಿ, ಸುಮ್ನ ಕುಂದ್ರೋದು, ನಾಲ್ಕೈದು ಸಲ ತಪ್ಪಿಹೋದ ಬೇಟೆ ಇರಬೇಕು.