ಎಸ್‌ಪಿ ರೋಡ್‌ನಲ್ಲಿ ಸಿಗೋ ವೈರ್ ಅಸಲಿನಾ ಅಂತ ಹೇಗೆ ನೋಡೋದು?

ಪ್ರಶ್ನೆ: ಸರ್, ವಿಜಯನಗರದಲ್ಲಿ ಮನೆ ಮೇಲೆ ಒಂದು ಫ್ಲೋರ್ ಕಟ್ಟಿಸ್ತಿದೀವಿ. ಎಸ್‌ಪಿ ರೋಡ್‌ನಲ್ಲಿ ಒಂದು ಅಂಗಡೀಲಿ ಅದೇ ಬ್ರ್ಯಾಂಡ್ ವೈರ್ ನಮ್ಮ ಏರಿಯಾಗಿಂತ ತುಂಬಾ ಕಮ್ಮಿ ರೇಟು. ಐಎಸ್‌ಐ ಮಾರ್ಕೂ ಇದೆ. ತಗೋಬಹುದಾ?

ಉತ್ತರ: ರೇಟ್ ಕಮ್ಮಿ ಅಂತ ಮಾತ್ರಕ್ಕೆ ಡೂಪ್ಲಿಕೇಟ್ ಅಲ್ಲ, ಹೋಲ್‌ಸೇಲ್ ಬೀದಿ ಅಲ್ವಾ, ಸ್ವಲ್ಪ ಕಮ್ಮಿ ಇರುತ್ತೆ. ಆದ್ರೆ ಐಎಸ್‌ಐ ಮಾರ್ಕ್ ಇದೆ ಅಂದ ಮಾತ್ರಕ್ಕೆ ನಂಬಂಗೂ ಇಲ್ಲ, ಆ ಚಿತ್ರ ಯಾರು ಬೇಕಾದ್ರೂ ಪ್ರಿಂಟ್ ಹಾಕ್ಬಹುದು. ನೋಡ್ಬೇಕಾಗಿರೋದು ಅದರ ಮೇಲೆ ಕೆಳಗೆ ಇರೋ ನಂಬರು. ಪಿವಿಸಿ ವೈರಿಗೆ ಮಾರ್ಕ್ ಮೇಲೆ ಐಎಸ್ 694 ಅಂತ ಇರ್ಬೇಕು, ಕೆಳಗೆ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರ್. ಅಂಗಡೀಲೇ ನಿಂತ್ಕೊಂಡು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿ, ಕಂಪನಿ ಹೆಸರು, ವಿಳಾಸ, ಲೈಸೆನ್ಸ್ ಚಾಲ್ತೀಲಿದೆಯಾ ಅಂತ ಬರುತ್ತೆ. ಬೇರೆ ಯಾರದೋ ಹೆಸರು ಬಂತು ಅಂದ್ರೆ ಅಲ್ಲಿಗೆ ಮುಗೀತು, ವಾಪಸ್ ಕೊಟ್ಬಿಡಿ.

ಆದ್ರೆ ಕಿಲಾಡಿಗಳು ಅಸಲಿ ಕಂಪನೀದೇ ನಂಬರ್ ಕಾಪಿ ಹೊಡೀತಾರೆ, ಆಗ ಆ್ಯಪ್ ಓಕೆ ಅನ್ನುತ್ತೆ. ಅದಕ್ಕೇ ನಾನು ತಾಮ್ರ ನೋಡ್ತೀನಿ. ಪ್ಲಗ್ ಪಾಯಿಂಟಿಗೆ ಹಾಕೋ 2.5 ಸ್ಕ್ವೇರ್ ಎಂಎಂ ವೈರ್ ತಗೊಳ್ಳಿ, ಫ್ಲೆಕ್ಸಿಬಲ್ ವೈರಲ್ಲಿ ಸಾಮಾನ್ಯವಾಗಿ 0.3 ಎಂಎಂ ದಪ್ಪದ 36 ಎಳೆ ಇರುತ್ತೆ. ತುದಿ ಒಂದಿಂಚು ಸುಲಿದು ಹತ್ತು ಎಳೆ ಒತ್ತೊತ್ತಾಗಿ ಸ್ಕೇಲ್ ಮೇಲೆ ಇಡಿ, 3 ಎಂಎಂ ಬರ್ಬೇಕು. 2.5 ಎಂಎಂ ಬಂತು ಅಂದ್ರೆ ಒಂದೊಂದು ಎಳೇನೂ 0.25, ಎಳೆ 36 ಇದ್ರೂ ನಿಮಗೆ ಸಿಕ್ಕಿದ್ದು 1.8 ಸ್ಕ್ವೇರ್ ಎಂಎಂ ಹತ್ತಿರ ಅಷ್ಟೇ, ಗೀಸರ್ ಹಾಕಿದಾಗ ವೈರ್ ಬಿಸಿ ಆಗೋದು ಇದಕ್ಕೇನೇ. ಎಳೇನ ಬ್ಲೇಡಲ್ಲಿ ಕೆರೆದೂ ನೋಡಿ, ಒಳಗೆ ಬೆಳ್ಳಗೆ ಕಂಡ್ರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಯಸ್ಕಾಂತ ಇಲ್ಲಿ ಕೆಲಸಕ್ಕೆ ಬರಲ್ಲ, ಅಲ್ಯೂಮಿನಿಯಂಗೆ ಅದು ಅಂಟಲ್ವಲ್ಲ.

ಇನ್ನೊಂದು ತೂಕ. 90 ಮೀಟರ್ ರೋಲಲ್ಲಿ 2.5 ವೈರಿನ ತಾಮ್ರವೊಂದೇ ಸುಮಾರು 2 ಕೆಜಿ ಇರುತ್ತೆ, ಪ್ಲಾಸ್ಟಿಕ್ ಅದರ ಮೇಲೆ. ಇಡೀ ರೋಲೇ 2 ಕೆಜಿ ಮುಟ್ಟಲ್ಲ ಅಂದ್ರೆ ತಾಮ್ರ ಕಮ್ಮಿ, ಇಲ್ಲಾ ವೈರೇ 90 ಮೀಟರ್ ಇಲ್ಲ. ಅಂಗಡಿಯವರು ತಕ್ಕಡಿ ಇಲ್ಲ ಅಂದ್ರೆ ಪಕ್ಕದ ದಿನಸಿ ಅಂಗಡೀಲಿ ಇಡಿಸಿ, ಕೆಲವರು ಮುಖ ಸಿಂಡರಿಸ್ತಾರೆ, ಪರವಾಗಿಲ್ಲ.

ಸ್ವಿಚ್ಚಿಗೆ ಬೇರೆ ನಂಬರು, ಐಎಸ್ 3854, ಸಾಕೆಟ್ಟಿಗೆ ಐಎಸ್ 1293. ಡಬ್ಬಿ ಮೇಲಿರೋದನ್ನ ನಂಬ್ಬೇಡಿ, ಪೀಸ್ ತಿರುಗಿಸಿ ಮೈಮೇಲೇ ಮಾರ್ಕ್, 6 ಎ ಇಲ್ಲಾ 16 ಎ ಇದೆಯಾ ನೋಡಿ. ಆಮೇಲೆ ಜಿಎಸ್‌ಟಿ ಬಿಲ್ಲಲ್ಲಿ ಬ್ರ್ಯಾಂಡ್, ಸೈಜ್ ಬರೆಸ್ಕೊಳ್ಳಿ. ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ತೀನಿ ಅಂತ ಅಂಗಡಿಯವರು ಹೇಳಿದ್ರೆ ಆ ವೈರ್ ಅಲ್ಲೇ ಬಿಟ್ಟು ಬನ್ನಿ.