ರೇಖಾ ಉಸಿರು ಎಣಿಸಲೇ ಇಲ್ಲ

"ಮೇಡಂ, ನಾನು ಜಿಎನ್‌ಎಂ ನರ್ಸಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ನೈಟ್ ಡ್ಯೂಟಿಯಲ್ಲಿ ಯಾವ ಕೆಲಸ ಮೊದಲು, ಯಾವುದನ್ನ ಯಾರಿಗೆ ವಹಿಸಬೇಕು ಅಂತ ಜೂನಿಯರ್‌ಗಳಿಗೆ ಹೇಳಿಕೊಡೋಕೆ 'ಮೊದಲ ರಾತ್ರಿ' ಅನ್ನೋ ಕಥೆ ಬರೆದಿದ್ದೀನಿ. ಮುಚ್ಚುಮರೆ ಇಲ್ಲದೆ ಹೇಳಿ, ಹೇಗಿದೆ?"

ಭಾಷೆ ಚೆನ್ನಾಗಿದೆ. ವಾರ್ಡಿನ ಫಿನಾಯಿಲ್ ವಾಸನೆ ಇಲ್ಲಿಯವರೆಗೂ ಬಂತು. ಶೀರ್ಷಿಕೆ ಮಾತ್ರ ದಯವಿಟ್ಟು ಬದಲಿಸಿ, ಮೊದಲ ರಾತ್ರಿ ಅಂದ್ರೆ ಜನ ಏನಂದುಕೊಳ್ಳುತ್ತಾರೆ ಅಂತ ನಿಮಗೂ ಗೊತ್ತು ಅಲ್ವಾ?

ನನಗೆ ಸಿಟ್ಟು ತರಿಸಿದ ಸಾಲು ಇದು: "ಎರಡು ಗಂಟೆಗೆ, ಗಂಭೀರ ಸ್ಥಿತಿಯಲ್ಲಿದ್ದ 11ನೇ ಬೆಡ್ ರೋಗಿಯ ಕಡೆ ರೇಖಾ ಮೊದಲು ಗಮನ ಕೊಟ್ಟಳು." ಗಂಭೀರ ಅಂತ ಅವಳಿಗೆ ಹೇಳಿದ್ದು ಯಾರು? ನೀವು! ವಾರ್ಡಿನಲ್ಲಿ ಯಾರ ಹಣೆಯ ಮೇಲೂ ಹಾಗೆ ಬರೆದಿರುವುದಿಲ್ಲ. ನೀವೇ ಬರೆದ ಹಾಗೆ 3ನೇ ಬೆಡ್ಡಿನ ಡ್ರಿಪ್ ಮುಗಿದಿದೆ ಅಂತ ಅವರ ಮಗ ಕೂಗುತ್ತಿದ್ದಾನೆ, 8ನೆಯವರಿಗೆ ಬೆಡ್‌ಪ್ಯಾನ್ ಬೇಕು, 9ರಲ್ಲಿ ಸೊಂಟ ನೋವಿನವರು ಇಡೀ ವಾರ್ಡನ್ನು ಎಬ್ಬಿಸಿದ್ದಾರೆ. 11ನೆಯವರಿಗೆ ಸಂಜೆ ಹೊಟ್ಟೆ ಆಪರೇಷನ್ ಆಗಿದೆ. ಅವರು ಕೂಗುತ್ತಿಲ್ಲ, ಸುಮ್ನೆ ಹೊದಿಕೆ ಕಿತ್ತೆಸೆಯುತ್ತಿದ್ದಾರೆ, ಬಾಯಿ ಒಣಗಿದೆ ಅನ್ನುತ್ತಿದ್ದಾರೆ. ಇಷ್ಟರಲ್ಲೇ ಅವರು ಮೊದಲು ಅಂತ ರೇಖಾಗೆ ಹೊಳೆಯಬೇಕು. ಅದು ಹೇಗೆ ಹೊಳೆಯಿತು ಅನ್ನೋದೇ ಕಥೆ, ಅದನ್ನೇ ನೀವು ನುಂಗಿಬಿಟ್ಟಿದ್ದೀರಿ.

ಸುಳಿವು ನಿಮ್ಮ ಚಾರ್ಟಿನಲ್ಲೇ ಇದೆ. ಹತ್ತು ಗಂಟೆಗೆ ಪಲ್ಸ್ 88, ಬಿಪಿ 118/76. ಎರಡಕ್ಕೆ ಪಲ್ಸ್ 124, ಬಿಪಿ 106/84. ಬಿಪಿ ಪರವಾಗಿಲ್ಲ ಅನ್ನಿಸುತ್ತೆ, ಆದರೆ ಮೇಲಿನ ಸಂಖ್ಯೆ ಇಳಿದು ಕೆಳಗಿನದು ಏರಿದೆ. ನಡುವಿನ ಅಂತರ 42 ಇದ್ದದ್ದು 22ಕ್ಕೆ ಬಂದಿದೆ. ಒಳಗೆ ರಕ್ತ ಸೋರುತ್ತಿದ್ದಾಗ ದೇಹ ರಕ್ತನಾಳಗಳನ್ನು ಬಿಗಿಹಿಡಿದು ಬಿಪಿಯನ್ನು ಸ್ವಲ್ಪ ಹೊತ್ತು ಕಾಪಾಡುತ್ತದೆ, ಹಾಗಾಗಿ ಬಿಪಿ ಬೀಳುವುದು ತಡವಾಗಿ. ಪಲ್ಸ್, ಉಸಿರು ಮೊದಲೇ ಏರುತ್ತವೆ. ಕೈ ತಣ್ಣಗಾಗುತ್ತದೆ, ಮೂತ್ರದ ಚೀಲಕ್ಕೆ ಗಂಟೆಗೆ 30 ಎಂಎಲ್ ಕೂಡ ಇಳಿಯುವುದಿಲ್ಲ. ಇಷ್ಟೆಲ್ಲ ಆಗುವಾಗ ಉಸಿರು ಎಷ್ಟು ಅಂತ ಬರೆದಿದ್ದೀರಿ? ಹತ್ತಕ್ಕೂ 20, ಎರಡಕ್ಕೂ 20. 3, 8, 9ನೇ ಬೆಡ್ಡಿಗೂ 20! ಇದು ಎಣಿಸಿದ ಉಸಿರಲ್ಲ, ಕಾಪಿ ಹೊಡೆದ ಉಸಿರು.

ನಾನೂ ಹಾಗೇ ಮಾಡಿದವಳು, ಅದಕ್ಕೇ ಇಷ್ಟು ಸಿಟ್ಟು. ವಿದ್ಯಾರ್ಥಿನಿಯಾಗಿದ್ದಾಗ ಮೂರು ರಾತ್ರಿ ಆ ಕಾಲಂ ತುಂಬ 20 ಗೀಚಿದ್ದೆ. ನಾಲ್ಕನೇ ರಾತ್ರಿ ಹಿರಿಯ ಸಿಸ್ಟರ್ ನನ್ನನ್ನು ಗೋಡೆ ಪಕ್ಕದ ಅಜ್ಜನ ಹತ್ತಿರ ನಿಲ್ಲಿಸಿದರು. "ಪಲ್ಸ್ ನೋಡೋ ಹಾಗೆ ಕೈ ಹಿಡ್ಕೊ, ಎದೆ ನೋಡು. ಎಣಿಸ್ತಿದ್ದೀನಿ ಅಂತ ಹೇಳ್ಬೇಡ, ಹೇಳಿದ್ರೆ ಉಸಿರಾಡೋ ರೀತಿನೇ ಬದಲಾಗುತ್ತೆ. ಪೂರ್ತಿ ಒಂದು ನಿಮಿಷ." 34 ಬಂತು. ಆ ಅಜ್ಜ ರಾತ್ರಿಯೆಲ್ಲ ತೊಂದರೆ ಕೊಡಲಿಲ್ಲ ಅಂತ ನಾನು ಖುಷಿಯಲ್ಲಿದ್ದೆ. ಕೂಗೋಕೆ ಅವರಿಗೆ ಉಸಿರೇ ಇರಲಿಲ್ಲ.

ಎರಡನೇ ಸಾಲು: "'ಆಯಮ್ಮ, 6ನೇ ಬೆಡ್ಡಿಗೆ ಬ್ಲಡ್ ಹೋಗ್ತಿದೆ, ಸ್ವಲ್ಪ ನೋಡ್ಕೊಳ್ಳಿ' ಎಂದು ಜವಾಬ್ದಾರಿ ಹಂಚಿ ರೇಖಾ ಓಡಿದಳು." ಇದು ಹಂಚಿದ್ದಲ್ಲ, ಎಸೆದದ್ದು. ಬ್ಲಡ್ ಹಾಕಿ ಐದು ನಿಮಿಷ ಆಗಿದೆ ಅಷ್ಟೇ. ಮೊದಲ 15 ನಿಮಿಷ ನರ್ಸ್ ಪಕ್ಕದಲ್ಲೇ ಇರಬೇಕು, ಏಕೆಂದರೆ ಹೊಂದದ ರಕ್ತದ ಕೆಟ್ಟ ಪರಿಣಾಮ ಹೆಚ್ಚಾಗಿ ಆಗಲೇ ಶುರುವಾಗುತ್ತದೆ. ಚಳಿ, ಬೆನ್ನು ನೋವು, ಉಸಿರುಕಟ್ಟು ಬಂದರೆ ತಕ್ಷಣ ಬ್ಲಡ್ ನಿಲ್ಲಿಸಿ ಡಾಕ್ಟರನ್ನು ಕರೆಯಬೇಕು. "ಸ್ವಲ್ಪ ನೋಡ್ಕೊಳ್ಳಿ" ಅಂದರೆ ಆಯಮ್ಮ ಏನನ್ನು ನೋಡಬೇಕು, ಪಾಪ? ಚೀಲವನ್ನಾ? ಏನಾದರೂ ಆದರೆ ಬೈಗುಳ ಮಾತ್ರ ಅವರಿಗೇ.

ರೇಖಾ 6ನೇ ಬೆಡ್ ಬಿಡಬಾರದು, 11ನ್ನು ಕಾಯಿಸಲೂ ಬಾರದು. ಎರಡಕ್ಕೆ 11ರ ಉಸಿರನ್ನು ನಿಜವಾಗಿ ಎಣಿಸಿದಾಗ 28 ಬಂತು ಅಂತಿಟ್ಟುಕೊಳ್ಳಿ. ಆಯಮ್ಮ ಬೇಕಾಗುವುದು ಇಲ್ಲೇ. "ಆಯಮ್ಮ, ಡ್ಯೂಟಿ ರೂಮಲ್ಲಿ ಸಿಸ್ಟರ್ ಇದ್ದಾರೆ. 11ನೇ ಬೆಡ್, ಪಲ್ಸ್ 124, ಉಸಿರು 28, ಕೈ ತಣ್ಣಗಿದೆ, ಈಗಲೇ ಬನ್ನಿ ಅಂತ ಹೇಳಿ. ಎಲ್ಲಿ, ನನಗೊಂದ್ಸಲ ಹೇಳಿ ನೋಡೋಣ? ಹೇಳಿ ಬಂದ್ಮೇಲೆ 8ಕ್ಕೆ ಬೆಡ್‌ಪ್ಯಾನ್ ಕೊಡಿ." ಆಯಮ್ಮ ಮಾಡಬಹುದಾದ ಕೆಲಸ, ಯಾರಿಗೆ ಹೇಳಬೇಕು, ಏನು ಹೇಳಬೇಕು, ಎಲ್ಲ ಇದರಲ್ಲಿ ಬಂತು. ಹೇಗೂ ರೇಖಾಳಂಥ ವಿದ್ಯಾರ್ಥಿನಿ ಒಬ್ಬಳೇ ನಿರ್ಧಾರ ಮಾಡೋ ಹಾಗಿಲ್ಲ. 11ಕ್ಕೆ ಡಾಕ್ಟರನ್ನು ಕರೆಸುವುದು ಸಿಸ್ಟರ್ ಕೆಲಸ.

ಈ ಎರಡು ಗಂಟೆಯ ದೃಶ್ಯ ಒಂದನ್ನೇ ಮತ್ತೆ ಬರೆದು ಕಳಿಸಿ. ಅಂದಹಾಗೆ, ಕೊನೆಯ ಪುಟದಲ್ಲಿ ಬೆಳಗಾಗಿದೆ, ರೇಖಾ ಕಾಫಿ ಕುಡಿಯುತ್ತಿದ್ದಾಳೆ. 8ನೆಯವರಿಗೆ ಬೆಡ್‌ಪ್ಯಾನ್ ಸಿಕ್ಕಿದ್ದು ನನಗೆ ಎಲ್ಲೂ ಕಾಣಲಿಲ್ಲ.